ಪಕ್ಕದ ಟ್ಯೂಬಿನಲ್ಲಿ ಏನಿತ್ತು?

ಸಿನಿಮಾದಲ್ಲಾದರೆ ಈ ಕಥೆ ಹೇಳುವುದು ಸುಲಭ. ಬೆಳಿಗ್ಗೆ ಸಾಕ್ಷಿ ಹೇಳಬೇಕಾದ ವಿಧಿವಿಜ್ಞಾನಿ ಹಿಂದಿನ ರಾತ್ರಿ ಪ್ರಯೋಗಾಲಯಕ್ಕೆ ಬರುತ್ತಾಳೆ, ಟ್ಯೂಬನ್ನು ದೀಪದ ಬೆಳಕಿಗೆ ಹಿಡಿಯುತ್ತಾಳೆ, ಒಳಗೆ ಏನೋ ಇರಬಾರದ್ದು ಕಾಣುತ್ತದೆ, ಬೆಚ್ಚಿಬೀಳುತ್ತಾಳೆ. ನಿಜದಲ್ಲಿ ಟ್ಯೂಬಿನಲ್ಲಿ ಏನೂ ಕಾಣುವುದಿಲ್ಲ. ಕಲುಷಿತವಾದ ಡಿಎನ್‌ಎ ಮಾದರಿಯೂ ಶುದ್ಧವಾದದ್ದೂ ನೀರಿನಷ್ಟೇ ತಿಳಿ. ಕೆಡುಕು ಕಣ್ಣಿಗೆ ಬೀಳುವುದಿದ್ದರೆ ಅದು ಕಾಗದದಲ್ಲಿ. ಅದೂ ಬಹಳ ಸಲ ತನ್ನ ಫೈಲಿನ ಕಾಗದದಲ್ಲಲ್ಲ, ಬೇರೆಯವರದರಲ್ಲಿ.

ಹಾಗಾಗಿ ಆ ಕಥೆಯನ್ನು ಕೆಲಸದ ಕ್ರಮಕ್ಕೆ ಹೊಂದುವ ಹಾಗೆ ಕಟ್ಟಿ ನೋಡೋಣ. ಪ್ರಕರಣ ಕಲ್ಪಿತ, ಅದರೊಳಗಿನ ಕೆಲಸ ಕಲ್ಪಿತವಲ್ಲ.

ಒಂದು ಕೊಲೆ. ಸ್ಥಳದಲ್ಲಿ ಸಿಕ್ಕ ಚಾಕುವಿನ ಹಿಡಿಯನ್ನು ಹತ್ತಿಯ ಸ್ವಾಬಿನಿಂದ ಒರೆಸಿ ತೆಗೆದ ಮಾದರಿ ಎಫ್‌ಎಸ್‌ಎಲ್‌ಗೆ ಬಂದಿದೆ. ಆರೋಪಿಯ ರಕ್ತದ ಮಾದರಿಯೂ ಬಂದಿದೆ. ವರದಿ ಎರಡು ವರ್ಷದ ಹಿಂದೆಯೇ ಹೋಗಿದೆ: ಹಿಡಿಯ ಮೇಲೆ ಮೃತನ ಡಿಎನ್‌ಎ ಹೆಚ್ಚಾಗಿಯೂ ಆರೋಪಿಯದು ಕಡಿಮೆ ಪ್ರಮಾಣದಲ್ಲೂ ಇದೆ. ನಮ್ಮಲ್ಲಿ ಸರ್ಕಾರಿ ವಿಜ್ಞಾನಿಯ ವರದಿಯನ್ನು, ಅವರನ್ನು ಕರೆಸದೆಯೇ, ಸಾಕ್ಷ್ಯವಾಗಿ ಓದಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಮೊದಲು ಸಿಆರ್‌ಪಿಸಿ 293ನೇ ಕಲಂ, ಈಗ ಬಿಎನ್‌ಎಸ್‌ಎಸ್ 329. ಈ ಕಥೆಯಲ್ಲಿ ನ್ಯಾಯಾಲಯ ಸಮನ್ಸ್ ಕಳಿಸಿದೆ. ಸಾಕ್ಷಿಯ ಹಿಂದಿನ ಸಂಜೆ ಆಕೆ ಪಾಟೀಸವಾಲಿಗೆ ತಯಾರಾಗಲೆಂದು ಹಳೆಯ ಫೈಲು ಬಿಚ್ಚಿ ಕೂತಿದ್ದಾಳೆ.

ಮೊದಲು ನೋಡುವುದು ಬ್ಲ್ಯಾಂಕ್. ಡಿಎನ್‌ಎ ಬೇರ್ಪಡಿಸುವಾಗ ಪ್ರತಿ ತಂಡದ ಮಾದರಿಗಳ ಜೊತೆ ಒಂದು ಖಾಲಿ ಟ್ಯೂಬನ್ನೂ ಓಡಿಸುತ್ತಾರೆ. ಎಲ್ಲ ರಾಸಾಯನಿಕಗಳೂ ಅದಕ್ಕೆ ಬೀಳುತ್ತವೆ, ಮಾದರಿಯೊಂದನ್ನು ಬಿಟ್ಟು. ಕೊನೆಗೆ ಅದರಲ್ಲಿ ಏನಾದರೂ ಡಿಎನ್‌ಎ ಕಂಡರೆ ರಾಸಾಯನಿಕವೋ ಸಲಕರಣೆಯೋ ಕೆಟ್ಟಿದೆ ಎಂದರ್ಥ. ಆಕೆಯ ಫೈಲಿನ ಬ್ಲ್ಯಾಂಕ್ ಚೊಕ್ಕವಾಗಿದೆ. ಗ್ರಾಫಿನಲ್ಲಿ ಒಂದು ಗೆರೆಯೂ ತಲೆಯೆತ್ತಿಲ್ಲ. ವಕೀಲರು ಕೇಳಿದರೆ ತೋರಿಸುವ ಹಾಳೆ ಇದೇ, ಬಹುತೇಕರು ಇಲ್ಲಿಗೇ ನಿಲ್ಲುತ್ತಾರೆ.

ಆದರೆ ಬ್ಲ್ಯಾಂಕ್ ಹಿಡಿಯುವುದು ಎಲ್ಲ ಟ್ಯೂಬುಗಳಿಗೂ ಸಮನಾಗಿ ಸೇರಿದ ಕೊಳೆಯನ್ನು ಮಾತ್ರ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಒಮ್ಮೆ ಹಾರಿದ ಹನಿ ಬ್ಲ್ಯಾಂಕಿಗೆ ಬೀಳಬೇಕೆಂದೇನೂ ಇಲ್ಲ. ಹತ್ತು ಟ್ಯೂಬುಗಳ ಸಾಲಿನಲ್ಲಿ ಒಂದು ಮಾತ್ರ ಕೆಟ್ಟಿರಬಹುದು, ಬ್ಲ್ಯಾಂಕ್ ಸಾಲಿನ ತುದಿಯಲ್ಲಿ ನಿರ್ಮಲವಾಗಿ ಕೂತಿರಬಹುದು.

ಆಕೆ ಇನ್ನೊಂದು ಹಾಳೆ ತೆಗೆಯುತ್ತಾಳೆ. ಯಾವ ದಿನ, ಯಾರ ಕೈಯಲ್ಲಿ, ಯಾವ ಟ್ಯೂಬಿನ ಪಕ್ಕ ಯಾವುದು ಎಂದು ಬರೆದಿಟ್ಟ ಕೆಲಸದ ಪಟ್ಟಿ. ಐದನೇ ಟ್ಯೂಬು ಚಾಕುವಿನ ಸ್ವಾಬು. ಆರನೆಯದು ಆರೋಪಿಯ ರಕ್ತ. ಒಂದೇ ದಿನ, ಒಂದೇ ಸ್ಟ್ಯಾಂಡು. ಸ್ಥಳದ ಮಾದರಿಯನ್ನೂ ವ್ಯಕ್ತಿಯ ಮಾದರಿಯನ್ನೂ ಬೇರೆ ಸಮಯದಲ್ಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಮಾಡಬೇಕೆಂಬುದು ಈ ವೃತ್ತಿಯ ಮೊದಲ ಪಾಠ. ಬಾಕಿ ಫೈಲುಗಳ ಒತ್ತಡದಲ್ಲಿ ಯಾರೋ ಎರಡನ್ನೂ ಒಟ್ಟಿಗೆ ಮುಗಿಸಿದ್ದಾರೆ.

ಇಷ್ಟರಿಂದಲೇ ಮಾದರಿ ಕೆಟ್ಟಿದೆ ಎನ್ನಲಾಗದು. ಆಕೆ ಲೆಕ್ಕಕ್ಕೆ ಇಳಿಯುತ್ತಾಳೆ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 6 ಪಿಕೊಗ್ರಾಂ ಡಿಎನ್‌ಎ ಇರುತ್ತದೆ, ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಆರು ಪಾಲು. ಸ್ವಾಬಿನಿಂದ ಬಂದ ದ್ರವದಲ್ಲಿ ಆರೋಪಿಯ ಪಾಲಿನ ಡಿಎನ್‌ಎ ಒಟ್ಟು ಅರ್ಧ ನ್ಯಾನೊಗ್ರಾಂ, ಅಂದರೆ ಸುಮಾರು 80 ಜೀವಕೋಶಗಳಷ್ಟು. ಚಾಕು ಹಿಡಿದ ಕೈ ಇಷ್ಟನ್ನು ಧಾರಾಳವಾಗಿ ಬಿಟ್ಟುಹೋಗಬಲ್ಲದು. ಈಗ ಪಕ್ಕದ ಟ್ಯೂಬು. ರಕ್ತದಿಂದ ಬಂದ ದ್ರವದ ಪ್ರತಿ ಮೈಕ್ರೋಲೀಟರಿನಲ್ಲಿ 10 ನ್ಯಾನೊಗ್ರಾಂ. ಅಲ್ಲಿಂದ ಅರ್ಧ ನ್ಯಾನೊಗ್ರಾಂ ಬರಬೇಕಾದರೆ ಒಂದು ಮೈಕ್ರೋಲೀಟರಿನ ಇಪ್ಪತ್ತನೇ ಒಂದು ಭಾಗ ಸಾಕು, ಅರ್ಧ ಮಿಲಿಮೀಟರಿನಷ್ಟೂ ಅಗಲವಿಲ್ಲದ ಒಂದು ಹನಿ. ಮುಚ್ಚಳ ತೆಗೆಯುವಾಗ ಚಿಮ್ಮುವುದು, ಕೈಗವಸಿನ ಬೆರಳ ತುದಿಗೆ ಅಂಟುವುದು ಇಂಥದ್ದೇ. ಆಮೇಲೆ ಪಿಸಿಆರ್ ಯಂತ್ರ ಪ್ರತಿ ಸುತ್ತಿನಲ್ಲೂ ಡಿಎನ್‌ಎ ತುಣುಕನ್ನು ದುಪ್ಪಟ್ಟು ಮಾಡುತ್ತದೆ. ಮೂವತ್ತು ಸುತ್ತಿಗೆ, ಲೆಕ್ಕದ ಪ್ರಕಾರ, ಒಂದು ನೂರು ಕೋಟಿ ದಾಟುತ್ತದೆ. ತುಣುಕು ಚಾಕುವಿನಿಂದ ಬಂದದ್ದೋ ಪಕ್ಕದ ಟ್ಯೂಬಿನಿಂದಲೋ ಎಂದು ಅದು ಕೇಳುವುದಿಲ್ಲ.

ಎರಡು ವಿವರಣೆಯೂ ಒಂದೇ ಗ್ರಾಫಿಗೆ ಹೊಂದುತ್ತವೆ. ಯಾವುದು ಸರಿ?

ಅದನ್ನು ತಿಳಿಯಲು ಇರುವ ದಾರಿ, ಸ್ವಾಬಿನ ಉಳಿದ ತುಂಡು. ಕಸುಬು ಬಲ್ಲವರು ಮಾದರಿಯನ್ನು ಪೂರ್ತಿ ಖರ್ಚು ಮಾಡುವುದಿಲ್ಲ, ಅರ್ಧ ಕತ್ತರಿಸಿ ಇಟ್ಟಿರುತ್ತಾರೆ. ಆ ಅರ್ಧವನ್ನು ಬೇರೆ ದಿನ, ಬೇರೆಯವರ ಕೈಯಲ್ಲಿ, ಆರೋಪಿಯ ರಕ್ತ ಹತ್ತಿರ ಸುಳಿಯದ ಕಡೆ ಪರೀಕ್ಷಿಸಬೇಕು. ಆರೋಪಿಯ ಗುರುತು ಮತ್ತೆ ಕಂಡರೆ ಮೊದಲ ವರದಿಗೆ ಬಲ ಬಂತು. ಕಾಣದಿದ್ದರೆ ಅನುಮಾನ ಗಟ್ಟಿಯಾಯಿತು. ಸಾಬೀತಾಯಿತು ಎನ್ನುವಂತಿಲ್ಲ, ಏಕೆಂದರೆ 80 ಜೀವಕೋಶಗಳು ಮೊದಲ ಅರ್ಧದಲ್ಲೇ ಮುಗಿದಿರಲೂಬಹುದು. ಮಾದರಿ ಕೆಟ್ಟದ್ದು ಹೀಗೇ, ಇಂಥ ಗಳಿಗೆಯಲ್ಲೇ ಎಂದು ತೋರಿಸುವುದು ಅಪರೂಪ. ಬಹಳ ಸಲ ಹೇಳಲಾಗುವುದು ಇಷ್ಟೇ: ಹೀಗಾಗಿರಬಹುದು, ಹಾಗಾಗಿಲ್ಲ ಎನ್ನಲು ನನ್ನ ಬಳಿ ಆಧಾರವಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಕೋರ್ಟಿನ ಮೊಗಸಾಲೆಯಲ್ಲಿ ಆಕೆ ಸರ್ಕಾರಿ ಅಭಿಯೋಜಕರನ್ನು ಹಿಡಿಯುತ್ತಾಳೆ.

‘ಸರ್, ಚಾಕುವಿನ ಫಲಿತಾಂಶದ ಮೇಲೆ ಈವತ್ತು ನಾನು ನಿಲ್ಲೋಕಾಗಲ್ಲ. ಮರುಪರೀಕ್ಷೆ ಆಗಬೇಕು.’

‘ಬ್ಲ್ಯಾಂಕ್ ಕ್ಲೀನಾಗಿದೆ ಅಂತ ವರದಿಯಲ್ಲೇ ಇದೆಯಲ್ಲ ಮೇಡಂ?’

‘ಇದೆ ಸರ್. ಅದು ಈ ಪ್ರಶ್ನೆಗೆ ಉತ್ತರ ಅಲ್ಲ.’

ಕಥೆಗಾರರು ಇಲ್ಲಿ ಆಕೆಯನ್ನು ಧರ್ಮಸಂಕಟಕ್ಕೆ ಸಿಕ್ಕಿಸಲು ಹವಣಿಸುತ್ತಾರೆ. ನನಗೇನೋ ಇಲ್ಲಿ ಅಂಥ ಸಂಕಟ ಕಾಣುವುದಿಲ್ಲ. ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಿ, ಆರೋಪಿಯ ವಕೀಲರಿಗೂ ಪ್ರತಿ ಕೊಟ್ಟು, ಉಳಿದ ಅರ್ಧದ ಮರುಪರೀಕ್ಷೆಗೆ ಕಾಲಾವಕಾಶ ಕೇಳಿ, ಆಮೇಲೆ ಪೂರಕ ವರದಿ ಸಲ್ಲಿಸುವುದು ನೇರವಾದ ದಾರಿ. ಕಷ್ಟದ ಕೆಲಸ ಹಿಂದಿನ ಸಂಜೆಯೇ ಮುಗಿದಿದೆ. ಬ್ಲ್ಯಾಂಕ್ ಚೊಕ್ಕ ಎಂದು ಫೈಲು ಮುಚ್ಚದೆ ಪಕ್ಕದ ಟ್ಯೂಬು ಯಾವುದು ಎಂದು ನೋಡಿದಳಲ್ಲ, ಅದು. ಹಾಗೆ ಯಾರೂ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಲ್ಪನೆ ಬೇಕಿಲ್ಲ, ಮೆಲ್ಬರ್ನ್ ಇದೆ.

2006ರ ಜುಲೈ. ಆ ನಗರದ ಒಂದು ನೈಟ್‌ಕ್ಲಬ್ಬಿನ ಶೌಚಾಲಯದಲ್ಲಿ 48 ವರ್ಷದ ಮಹಿಳೆಯೊಬ್ಬರು ಪ್ರಜ್ಞೆ ತಪ್ಪಿ ಬಿದ್ದಿದ್ದರು. ಎಚ್ಚರವಾದಾಗ ಅವರಿಗೆ ಏನೂ ನೆನಪಿರಲಿಲ್ಲ. ಆಸ್ಪತ್ರೆಯಲ್ಲಿ ಸ್ವಾಬು ತೆಗೆದರು. ಅದರಲ್ಲಿ ಸಿಕ್ಕ ಡಿಎನ್‌ಎ, ದಾಖಲೆಯಲ್ಲಿದ್ದ ಸೊಮಾಲಿಯಾ ಮೂಲದ ಒಬ್ಬ ಯುವಕನದಕ್ಕೆ ಹೊಂದಿತು. ಅವನು ಆ ಕ್ಲಬ್ಬಿಗೆ ಕಾಲಿಟ್ಟೇ ಇಲ್ಲ ಎಂದ. ಅಲ್ಲಿ ಅವನನ್ನು ಕಂಡವರು ಒಬ್ಬರೂ ಇರಲಿಲ್ಲ. ಆ ರಾತ್ರಿ ಅಲ್ಲಿಗೆ ಪ್ರವೇಶವಿದ್ದದ್ದು 28 ದಾಟಿದವರಿಗೆ. ಹರೆಯದ ಕಪ್ಪು ಹುಡುಗ ಬಂದಿದ್ದರೆ ಎದ್ದು ಕಾಣುತ್ತಿದ್ದ. ಆದರೂ 2008ರಲ್ಲಿ ಡಿಎನ್‌ಎ ಒಂದನ್ನೇ ನೆಚ್ಚಿ ಅವನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ ಆರು ವರ್ಷ ಶಿಕ್ಷೆ ವಿಧಿಸಿದರು.

ಮೇಲ್ಮನವಿಗೆ ತಯಾರಿ ನಡೆದಿದ್ದಾಗ ಪ್ರಾಸಿಕ್ಯೂಷನ್ ಕಡೆಯವರೇ ಒಂದು ಸಂಗತಿ ಹೊರತೆಗೆದರು. ಆ ಯುವಕನ ಡಿಎನ್‌ಎ ದಾಖಲೆಗೆ ಸೇರಿದ್ದು ಇನ್ನೊಬ್ಬಳು ಹುಡುಗಿಯ ಸಂಬಂಧದ ತನಿಖೆಯಲ್ಲಿ, ಅದರಲ್ಲಿ ಅವನ ಮೇಲೆ ಆರೋಪ ಹೊರಿಸಿಯೇ ಇರಲಿಲ್ಲ. ಆ ಹುಡುಗಿಯ ವೈದ್ಯಕೀಯ ಪರೀಕ್ಷೆ ನಡೆದದ್ದು ಅದೇ ಆಸ್ಪತ್ರೆಯಲ್ಲಿ, ಅದೇ ವೈದ್ಯರ ಕೈಯಲ್ಲಿ, ಈ ಮಹಿಳೆಯ ಪರೀಕ್ಷೆಗೆ ಬರೀ 28 ಗಂಟೆ ಮೊದಲು. 2009ರ ಡಿಸೆಂಬರಿನಲ್ಲಿ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ಅಷ್ಟರಲ್ಲಿ ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ.

ಮರುವರ್ಷ ವಿಚಾರಣಾ ವರದಿ ಕೊಟ್ಟ ನಿವೃತ್ತ ನ್ಯಾಯಮೂರ್ತಿ ಫ್ರಾಂಕ್ ವಿನ್ಸೆಂಟ್, ಮಾದರಿ ಕೆಟ್ಟದ್ದು ಆಸ್ಪತ್ರೆಯಲ್ಲೇ ಇರಬೇಕೆಂಬ ತೀರ್ಮಾನಕ್ಕೆ ಬಂದರು. ಹೇಗೆ ದಾಟಿತು ಎಂಬುದನ್ನು ಖಚಿತವಾಗಿ ತೋರಿಸಲು ಅವರಿಗೂ ಆಗಲಿಲ್ಲ. ಗಮನಿಸಿ, ಎರಡನೇ ಮಹಿಳೆಯ ಫೈಲನ್ನು ಎಷ್ಟು ಸಲ ತಿರುವಿದರೂ ಅದರಲ್ಲಿ ದೋಷ ಸಿಗುತ್ತಿರಲಿಲ್ಲ. ಪ್ರಯೋಗಾಲಯದ ಬ್ಲ್ಯಾಂಕ್ ಎಷ್ಟೇ ಶುದ್ಧವಿದ್ದರೂ ಉಪಯೋಗವಿರಲಿಲ್ಲ, ಸ್ವಾಬು ಅಲ್ಲಿಗೆ ಬರುವಾಗಲೇ ಕೆಟ್ಟಿತ್ತು. ದೋಷ ಗೋಚರಿಸಿದ್ದು ಎರಡು ಫೈಲುಗಳನ್ನು ಅಕ್ಕಪಕ್ಕ ಇಟ್ಟಾಗ.

2011ರಲ್ಲಿ ಇಂಗ್ಲೆಂಡಿನಲ್ಲೂ ಇದೇ ಆಯಿತು, ಈ ಸಲ ಪ್ರಯೋಗಾಲಯದೊಳಗೆ. ಒಮ್ಮೆ ಬಳಸಿ ಎಸೆಯಬೇಕಿದ್ದ ಪ್ಲಾಸ್ಟಿಕ್ ತಟ್ಟೆಯನ್ನು ಮತ್ತೆ ಬಳಸಿದರು. ಹಿಂದಿನ ಪ್ರಕರಣದ ಮಾದರಿಯ ಶೇಷ ಮ್ಯಾಂಚೆಸ್ಟರಿನ ಅತ್ಯಾಚಾರ ಪ್ರಕರಣದ ಮಾದರಿಗೆ ಸೇರಿತು, ಆ ನಗರಕ್ಕೆ ಹೋಗಿರದ ಯುವಕ ತಿಂಗಳುಗಟ್ಟಲೆ ಬಂಧನದಲ್ಲಿದ್ದ. ಆ ಹೊತ್ತಿನಲ್ಲಿ ಅವನು ನೂರಾರು ಮೈಲಿ ದೂರದ ಪ್ಲಿಮತ್‌ನಲ್ಲಿದ್ದ ಎಂದು ಮೊಬೈಲಿನ ದಾಖಲೆ ಹೇಳುತ್ತಿತ್ತು.

ನಮ್ಮ ನ್ಯಾಯಾಲಯಗಳೂ ಡಿಎನ್‌ಎ ವರದಿಯ ಕೊನೆಯ ಸಾಲನ್ನಷ್ಟೇ ಓದುವುದನ್ನು ಬಿಡುತ್ತಿವೆ. ದೆಹಲಿಯ ಛಾವಲಾ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು 2022ರ ನವೆಂಬರಿನಲ್ಲಿ ಬಿಡುಗಡೆ ಮಾಡುತ್ತ ಸುಪ್ರೀಂ ಕೋರ್ಟ್, ಡಿಎನ್‌ಎ ವರದಿಗೆ ಆಧಾರವೇನು, ತಜ್ಞರು ವಿಧಾನವನ್ನು ಸರಿಯಾಗಿ ಪಾಲಿಸಿದ್ದಾರೆಯೇ ಎಂಬುದನ್ನು ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಿಯೇ ಇಲ್ಲ ಎಂದಿತು. ತಮಿಳುನಾಡಿನ ಒಂದು ಜೋಡಿ ಕೊಲೆಯ ಪ್ರಕರಣದಲ್ಲಿ 2025ರಲ್ಲಿ ಅದೇ ಕೋರ್ಟು ದೇಶದ ಎಲ್ಲ ಪೊಲೀಸರಿಗೂ ಅನ್ವಯಿಸುವ ನಿರ್ದೇಶನ ಕೊಟ್ಟಿತು: ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ರಿಜಿಸ್ಟರು ಇರಬೇಕು.

ಈ ರಿಜಿಸ್ಟರು ಒಂದು ಮಾದರಿಯ ದಾರಿಯನ್ನು ಹೇಳುತ್ತದೆ. ಆ ದಾರಿಯಲ್ಲಿ ಅದರ ಜೊತೆಗಿದ್ದವು ಯಾವುವು ಎಂಬುದು ಬೇರೆ ಕಾಗದದಲ್ಲಿರುತ್ತದೆ: ಆಸ್ಪತ್ರೆಯ ಪರೀಕ್ಷಾ ಕೋಣೆಯ ಆ ವಾರದ ಪುಸ್ತಕದಲ್ಲಿ, ಪ್ರಯೋಗಾಲಯದ ಆ ದಿನದ ಟ್ಯೂಬುಗಳ ಪಟ್ಟಿಯಲ್ಲಿ. ವರದಿಯ ಜೊತೆ ಅವು ತಾವಾಗಿ ನ್ಯಾಯಾಲಯಕ್ಕೆ ಬರುವುದಿಲ್ಲ. ವಕೀಲರು ಹೆಸರಿಟ್ಟು ಕೇಳಬೇಕು.