ಔಷಧಿ ಬಾಟಲಿಗೆ ಎರಡು ಗಡುವು

ಮಟಮಾರಿಯ ಅಕ್ಕಂದಿರೇ, ಎಮ್ಮೆಗೆ ಕುಡಿಸಿ ಉಳಿದ ಜಂತುಹುಳದ ಔಷಧಿ ಮನೆಯಲ್ಲಿದೆಯೇ? ಅದರ ಲೇಬಲ್ಲಿನಲ್ಲಿ ‘ತೆರೆದ ಮೇಲೆ ಆರು ತಿಂಗಳು’ ಎಂದಿದ್ದರೆ, ಲೆಕ್ಕ ಶುರುವಾಗುವುದು ಕೊಂಡ ದಿನದಿಂದಲ್ಲ, ಮುಚ್ಚಳ ತೆರೆದ ದಿನದಿಂದ.

ಜೂನ್ 10ಕ್ಕೆ ತೆರೆದಿರಿ ಎನ್ನೋಣ. ಜೂನ್ ಬಿಟ್ಟು ಜುಲೈನಿಂದ ಬೆರಳಲ್ಲಿ ಆರು ತಿಂಗಳು ಎಣಿಸಿ. ಡಿಸೆಂಬರ್ 10 ಬರುತ್ತದೆ. ಆದರೆ ಬಾಟಲಿಯ ಮೇಲೆ ಅಚ್ಚಾದ ಅವಧಿ ಅದೇ ವರ್ಷದ ಅಕ್ಟೋಬರ್ ಆಗಿದ್ದರೆ, ಅಕ್ಟೋಬರ್ 31ಕ್ಕೇ ಮುಗಿಯಿತು. ಎರಡರಲ್ಲಿ ಮೊದಲು ಬರುವುದೇ ಗಡುವು.

ತೆರೆದ ದಿನವೇ ಬಾಟಲಿಗೆ ಚೀಟಿ ಅಂಟಿಸಿ, ತೆರೆದ ದಿನ, ಬಿಸಾಡುವ ದಿನ ಎರಡನ್ನೂ ಬರೆಯಿರಿ. ತೆರೆದ ದಿನ ನೆನಪಿಲ್ಲವೇ? ಕುಡಿಸಬೇಡಿ. ಗಡುವಿಗೆ ಮುಂಚೆಯೇ ಬಣ್ಣ ಬದಲಾದರೂ, ಕುಲುಕಿದಾಗ ತಳದ ಗಡ್ಡೆ ಕರಗದಿದ್ದರೂ ಬಳಸಬೇಡಿ. ಉಳಿದದ್ದನ್ನು ಹಳ್ಳಕ್ಕೆ, ತಿಪ್ಪೆಗೆ ಸುರಿಯದೆ, ಏನು ಮಾಡಬೇಕೆಂದು ಪಶುವೈದ್ಯರನ್ನು ಕೇಳಿ.