ಎಂಡೋಮೆಂಟ್ ಪಾಲಿಸಿ: ಮಾಡಿಸುವವರ ಲೆಕ್ಕ ಬೇರೆ, ಬಿಡುವವರ ಲೆಕ್ಕ ಬೇರೆ

ಮೂವತ್ತು ವರ್ಷದವರೊಬ್ಬರು 10 ಲಕ್ಷ ರೂಪಾಯಿಯ ಎಂಡೋಮೆಂಟ್ ಪಾಲಿಸಿ ಮಾಡಿಸುತ್ತಾರೆ ಎಂದಿಟ್ಟುಕೊಳ್ಳೋಣ. ಅವಧಿ 20 ವರ್ಷ, ವರ್ಷಕ್ಕೆ ಕಂತು 50,000. ವಿಮಾ ಮೊತ್ತದ ಪ್ರತಿ ಸಾವಿರಕ್ಕೆ ವರ್ಷಕ್ಕೆ 42 ರೂಪಾಯಿಯಂತೆ ಬೋನಸ್ ಸೇರುತ್ತಾ ಬಂದರೆ ಕೊನೆಗೆ 18.4 ಲಕ್ಷ ಸಿಗುತ್ತದೆ. ಕಟ್ಟಿದ್ದು 10 ಲಕ್ಷ, ಬಂದದ್ದು 18.4 ಲಕ್ಷ. ಪಾಲಿಸಿ ಮಾರುವಾಗ ಮುಂದಿಡುವುದು ಈ ಎರಡು ಅಂಕಿಗಳನ್ನೇ. ಮೊದಲ ಕಂತು 20 ವರ್ಷ ಅಲ್ಲೇ ಕೂತಿತ್ತು, ಬೋನಸ್ಸಿನ ಮೇಲೆ ಮತ್ತೆ ಬೋನಸ್ ಬೆಳೆಯಲಿಲ್ಲ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಎಕ್ಸೆಲ್‌ನಲ್ಲಿ ಹೀಗೆ ಬರೆದರೆ ವಾರ್ಷಿಕ ಗಳಿಕೆ ತಿಳಿಯುತ್ತದೆ:

```
=RATE(20,-50000,0,1840000,1)
```

ಉತ್ತರ ಶೇ. 5.5. ಬೆಲೆಯೇರಿಕೆ ವರ್ಷಕ್ಕೆ ಶೇ. 5ರಷ್ಟಿದ್ದರೆ, ಆ 18.4 ಲಕ್ಷಕ್ಕೆ ಇವತ್ತಿನ ಬೆಲೆಯಲ್ಲಿ ಸಿಗುವುದು 7 ಲಕ್ಷಕ್ಕಿಂತ ಕಡಿಮೆ ಮೌಲ್ಯದ ಸಾಮಾನು. ಹಣ ಕರಗಿಲ್ಲ, ಆದರೆ ಬೆಳೆದಿಲ್ಲ ಎಂದೇ ಹೇಳಬೇಕು.

ಈಗ ಅದೇ 50,000ವನ್ನು ಒಡೆದು ನೋಡೋಣ. ಸಿಗರೇಟು ಸೇದದ, ಆರೋಗ್ಯವಾಗಿರುವ ಮೂವತ್ತರವರಿಗೆ 50 ಲಕ್ಷದ ಟರ್ಮ್ ಪಾಲಿಸಿಗೆ ವರ್ಷಕ್ಕೆ 8,000 ಎಂದು ಧಾರಾಳವಾಗಿಯೇ ಹಿಡಿಯೋಣ. ಉಳಿದ 42,000 ಪಿಪಿಎಫ್‌ಗೆ. ಹದಿನೈದು ವರ್ಷ ಮುಗಿದ ಮೇಲೆ ಖಾತೆಯನ್ನು ಇನ್ನೈದು ವರ್ಷ ಮುಂದುವರಿಸಬಹುದು. 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ. 7.1ರ ಬಡ್ಡಿಯೇ ಉಳಿದರೆ 20 ವರ್ಷಕ್ಕೆ ಸುಮಾರು 18.6 ಲಕ್ಷ ಆಗುತ್ತದೆ. ಕೊನೆಯ ಮೊತ್ತ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ತಿಳಿಯುವುದು ದುಡಿಯುವವರು ನಡುವೆ ತೀರಿಕೊಂಡರೆ. ಎಂಟು ವರ್ಷ ತುಂಬಿದಾಗ ಸಾವು ಬಂದರೆ ಎಂಡೋಮೆಂಟ್‌ನಿಂದ ಮನೆಯವರಿಗೆ ಸಿಗುವುದು ಬೋನಸ್ ಸೇರಿ 13.4 ಲಕ್ಷ. ಟರ್ಮ್ ಮತ್ತು ಪಿಪಿಎಫ್ ಎರಡೂ ಸೇರಿದರೆ 54 ಲಕ್ಷ ದಾಟುತ್ತದೆ. ಮಕ್ಕಳಿನ್ನೂ ಶಾಲೆಯಲ್ಲಿರುವ ಮನೆಗೆ ಈ ಅಂತರ ಎಷ್ಟು ದೊಡ್ಡದು! ವಿಮೆ ಮಾಡಿಸುವುದೇ ಆ ದಿನಕ್ಕಾಗಿ. ಆದ್ದರಿಂದ ಹೊಸದಾಗಿ ಮಾಡಿಸುವವರಿಗೆ ಎಂಡೋಮೆಂಟ್ ಬೇಡ ಎಂದೇ ನಾನು ಹೇಳುತ್ತೇನೆ. ಉಳಿದ 42,000ವನ್ನು ಪ್ರತಿವರ್ಷ ತಪ್ಪದೆ ಕಟ್ಟುವವರಿಗೆ ಮಾತ್ರ ಈ ಮಾತು ಹೊಂದುತ್ತದೆ. ಅದನ್ನು ಖರ್ಚು ಮಾಡುವವರಿಗೆ 50 ಲಕ್ಷದ ರಕ್ಷಣೆ ಇರುತ್ತದೆ, ಉಳಿತಾಯ ಇರುವುದಿಲ್ಲ.

ಈ ಲೆಕ್ಕ ನೋಡಿದ ತಕ್ಷಣ ಹಳೆಯ ಪಾಲಿಸಿಯ ಬಾಂಡ್ ಹಿಡಿದು ಶಾಖೆಗೆ ಓಡುವವರಿದ್ದಾರೆ. ಅವರು ಸ್ವಲ್ಪ ತಡೆಯಬೇಕು.

ಮೇಲಿನ ಪಾಲಿಸಿಗೆ ಐದು ಕಂತು, ಅಂದರೆ 2.5 ಲಕ್ಷ ಕಟ್ಟಿಯಾಗಿದೆ ಎನ್ನೋಣ. ಐದನೆಯ ವರ್ಷದ ಕೊನೆಗೆ ಸರೆಂಡರ್ ಮಾಡಿದರೆ ಖಾತ್ರಿ ಮೌಲ್ಯ ಕಟ್ಟಿದ್ದರ ಅರ್ಧ, 1.25 ಲಕ್ಷ. ಅದರ ಜೊತೆಗೆ ಬೋನಸ್ಸಿನ ಒಂದು ಸಣ್ಣ ಪಾಲು. ವಿಶೇಷ ಸರೆಂಡರ್ ಮೌಲ್ಯ ಎಂಬ ಇನ್ನೊಂದು ಲೆಕ್ಕವೂ ಇದೆ. ಎರಡರಲ್ಲಿ ಹೆಚ್ಚಿನದು ಸಿಗುತ್ತದೆ. ವಿಮಾ ನಿಯಂತ್ರಕ ಸಂಸ್ಥೆಯ 2024ರ ನಿಯಮದಂತೆ ಈ ವಿಶೇಷ ಮೌಲ್ಯ ಪೇಯ್ಡ್-ಅಪ್ ಮೊತ್ತವನ್ನು ಆಧರಿಸಿರಬೇಕು. ಇಪ್ಪತ್ತರಲ್ಲಿ ಐದು ಕಂತು ಕಟ್ಟಿದ್ದರಿಂದ ವಿಮಾ ಮೊತ್ತದ ಕಾಲುಭಾಗ 2.5 ಲಕ್ಷ, ಈವರೆಗಿನ ಬೋನಸ್ 2.1 ಲಕ್ಷ, ಒಟ್ಟು 4.6 ಲಕ್ಷ. ಆದರೆ ಇದು ಇನ್ನು 15 ವರ್ಷಕ್ಕೆ ಬರಬೇಕಾದ ಹಣ. ಶೇ. 7ರ ಬಡ್ಡಿ ಕಳೆದು ಇಂದಿನ ಮೌಲ್ಯಕ್ಕೆ ಇಳಿಸಿದರೆ ಸುಮಾರು 1.67 ಲಕ್ಷ. ಕಟ್ಟಿದ್ದರಲ್ಲಿ 83,000 ಹೋಯಿತು. ಕಮಿಷನ್ ಮತ್ತಿತರ ಖರ್ಚಿನ ದೊಡ್ಡ ಹೊರೆ ಮೊದಲ ವರ್ಷಗಳಲ್ಲೇ ಬೀಳುವುದು ಇದಕ್ಕೊಂದು ಮುಖ್ಯ ಕಾರಣ.

ಹೋದದ್ದು ಹೋಯಿತು, ಪಾಲಿಸಿ ಉಳಿಸಿಕೊಂಡರೂ ಬಿಟ್ಟರೂ ಅದು ವಾಪಸು ಬರುವುದಿಲ್ಲ. ಈಗ ಕೇಳಿಕೊಳ್ಳಬೇಕಾದ್ದು ಇಷ್ಟೆ: ಇವತ್ತು ಸಿಗುವ 1.67 ಲಕ್ಷವನ್ನು ಅಲ್ಲೇ ಬಿಟ್ಟು, ಇನ್ನೂ 15 ಕಂತು ಕಟ್ಟಿದರೆ 18.4 ಲಕ್ಷ ಬರುತ್ತದೆ. ಅದು ಯಾವ ದರದ ಗಳಿಕೆ?

```
=RATE(15,-50000,-167000,1840000,1)
```

ಉತ್ತರ ಶೇ. 7.2! ಹೊಸಬರಿಗೆ 5.5 ಕೊಡುವ ಅದೇ ಪಾಲಿಸಿ, ಐದು ವರ್ಷ ದಾಟಿದವರಿಗೆ ಮುಂದಿನ ದಾರಿಯಲ್ಲಿ ಪಿಪಿಎಫ್‌ಗೆ ಸಮನಾಗಿ ನಿಲ್ಲುತ್ತದೆ. ಸರೆಂಡರ್ ಮೌಲ್ಯ ಕಡಿಮೆ ಇದ್ದಷ್ಟೂ ಈ ದರ ಏರುತ್ತದೆ. ಬೋನಸ್ 42ಕ್ಕಿಂತ ಇಳಿದರೆ ದರವೂ ಇಳಿಯುತ್ತದೆ, ಏಕೆಂದರೆ ಮುಂದಿನ ಬೋನಸ್ಸಿಗೆ ಖಾತ್ರಿ ಇಲ್ಲ. ಆದ್ದರಿಂದ ಶಾಖೆಯಿಂದ ಇವತ್ತಿನ ಸರೆಂಡರ್ ಮೌಲ್ಯ, ಪೇಯ್ಡ್-ಅಪ್ ಮೊತ್ತ ಮತ್ತು ಈವರೆಗೆ ಸೇರಿದ ಬೋನಸ್ ಇವು ಮೂರನ್ನೂ ಬರವಣಿಗೆಯಲ್ಲಿ ಪಡೆದು, ಅವರವರ ಅಂಕಿಗಳನ್ನೇ ಸೂತ್ರಕ್ಕೆ ಹಾಕಿ ನೋಡಬೇಕು.

ಕಂತು ಕಟ್ಟುವುದೇ ಕಷ್ಟವಾದವರು ಸರೆಂಡರ್ ಮಾಡದೆ ಪಾಲಿಸಿಯನ್ನು ಪೇಯ್ಡ್-ಅಪ್ ಆಗಲು ಬಿಡಬಹುದು. ಮುಂದೆ ಏನೂ ಕಟ್ಟಬೇಕಾಗಿಲ್ಲ, ಅವಧಿಯ ಕೊನೆಗೆ 4.6 ಲಕ್ಷ ಬರುತ್ತದೆ. ರಕ್ಷಣೆ ಮಾತ್ರ ಆ ಮಟ್ಟಕ್ಕೆ ಕುಗ್ಗುತ್ತದೆ. ಪೇಯ್ಡ್-ಅಪ್ ಆಗಲಿ, ಸರೆಂಡರ್ ಆಗಲಿ, ಹೊಸ ಟರ್ಮ್ ಪಾಲಿಸಿ ಕೈಗೆ ಬಂದ ಮೇಲೆಯೇ ಹಳೆಯದಕ್ಕೆ ಕೈ ಹಾಕಬೇಕು. ವೈದ್ಯಕೀಯ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಕಾಣಿಸಿ ಟರ್ಮ್ ಅರ್ಜಿ ತಿರಸ್ಕೃತವಾದರೆ, ಆ ಮನೆಗೆ ಉಳಿಯುವುದು ಈ ಹಳೆಯ ಪಾಲಿಸಿಯ ರಕ್ಷಣೆಯೊಂದೇ.