ನೆರೆಮನೆಯವರೂ ನಕಲಿ ಖಾತೆಗಳೂ

ಪ್ಲಂಬರ್, ಎಲೆಕ್ಟ್ರಿಷಿಯನ್, ಗೀಸರ್ ರಿಪೇರಿಯವರನ್ನು ಮನೆಗೆ ಕಳಿಸುವ ಬಡಾವಣೆ ಮಟ್ಟದ ಆ್ಯಪ್‌ಗಳಲ್ಲಿ ರೆಫರಲ್ ವ್ಯವಸ್ಥೆ ಮೇಲ್ನೋಟಕ್ಕೆ ಸರಳ. ಹಳೆಯ ಗಿರಾಕಿಗೆ ಒಂದು ಕೋಡ್ ಕೊಡುತ್ತಾರೆ. ಅದನ್ನು ಬಳಸಿ ನೆರೆಯವರು ಸೇರಿದರೆ ಇಬ್ಬರಿಗೂ ಒಂದಿಷ್ಟು ಹಣ. ಎಷ್ಟು ಹಣ, ಯಾವ ಹೊತ್ತಿಗೆ ಎಂಬುದನ್ನು ಗೊತ್ತುಮಾಡುವಾಗಲೇ ಮೋಸದ ಬಾಗಿಲು ತೆರೆಯುವುದು ಅಥವಾ ಮುಚ್ಚುವುದು.

ಸೈನ್ ಅಪ್ ಆದ ಕೂಡಲೇ ಬಹುಮಾನ ಕೊಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಒಟಿಪಿ ಬಂತು ಎಂದರೆ ಹೊಸ ಮನುಷ್ಯ ಬಂದ ಎಂದಲ್ಲ. ಭಾರತದ ಬಹುಪಾಲು ರಾಜ್ಯಗಳಲ್ಲಿ ಒಬ್ಬರ ಹೆಸರಿನಲ್ಲಿ 9 ಮೊಬೈಲ್ ಸಂಪರ್ಕಗಳವರೆಗೆ ಇರಬಹುದು. ಆದ್ದರಿಂದ ಹೊಸಬರು ಮೊದಲ ಕೆಲಸ ಮಾಡಿಸಿಕೊಂಡು, ಆ್ಯಪ್ ಮೂಲಕವೇ ಹಣ ಕಟ್ಟಿದ ಮೇಲೆ ಬಹುಮಾನ ಹುಟ್ಟಬೇಕು. ಕೈಯಲ್ಲಿ ನಗದು ಕೊಟ್ಟ ಕೆಲಸ ಲೆಕ್ಕಕ್ಕಿಲ್ಲ.

ಅಷ್ಟಕ್ಕೇ ಮೋಸ ನಿಲ್ಲುವುದಿಲ್ಲ, ಏಕೆಂದರೆ ಕೆಲಸವನ್ನೂ ನಕಲಿ ಮಾಡಬಹುದು. ಒಂದು ಆ್ಯಪ್ ಶೇ. 20 ಕಮಿಷನ್ ಹಿಡಿದು, ಇಬ್ಬರಿಗೂ ತಲಾ 100 ರೂಪಾಯಿ ಕೊಡುತ್ತದೆ ಎಂದುಕೊಳ್ಳೋಣ. ಪ್ಲಂಬರ್ ತನ್ನ ಪರಿಚಯದವನಿಂದ 500 ರೂಪಾಯಿಯ ಕೆಲಸ ಬುಕ್ ಮಾಡಿಸುತ್ತಾನೆ. ಹೊಸ ಗಿರಾಕಿಗೆ ರಿಯಾಯಿತಿ ಕಳೆದು 400 ಕಟ್ಟಬೇಕು. ಕಮಿಷನ್ ಕಳೆದು ಪ್ಲಂಬರ್ ಕೈಗೆ ಬರುವುದೂ 400. ಆ ಹಣವನ್ನು ಹಿಂದಿರುಗಿಸಿದರೆ ಯಾರಿಗೂ ನಷ್ಟವಿಲ್ಲ, ಕೋಡ್ ಕೊಟ್ಟವನ 100 ರೂಪಾಯಿ ಪೂರ್ತಿ ಲಾಭ. ಇಲ್ಲಿ ಒಂದು ಸ್ಪಾನರ್ ಕೂಡ ಕದಲಿಲ್ಲ.

ಈಗ ಬಹುಮಾನವನ್ನು ತಲಾ 40ಕ್ಕೆ ಇಳಿಸಿದರೆ ಹೊಸಬ 460 ಕಟ್ಟುತ್ತಾನೆ, ಪ್ಲಂಬರ್‌ಗೆ 400 ಸಿಗುತ್ತದೆ, ಕೋಡಿನವನಿಗೆ 40. ಕೂಟಕ್ಕೆ ಪ್ರತಿ ನಕಲಿ ಖಾತೆಯಲ್ಲೂ 20 ರೂಪಾಯಿ ಕೈಬಿಡುತ್ತದೆ. ಎರಡೂ ಬಹುಮಾನಗಳ ಮೊತ್ತ ಮೊದಲ ಕೆಲಸದ ಕಮಿಷನ್‌ಗಿಂತ ಕಡಿಮೆ ಇದ್ದರೆ ಮೋಸ ತಾನಾಗಿಯೇ ನಷ್ಟದ ವ್ಯಾಪಾರವಾಗುತ್ತದೆ. ಯಾವ ಪತ್ತೇದಾರಿ ಸಾಫ್ಟ್‌ವೇರೂ ಇಷ್ಟು ಅಗ್ಗವಲ್ಲ. ಒಂದು ಸಂದು ಮಾತ್ರ ಉಳಿಯುತ್ತದೆ. 200 ರೂಪಾಯಿಯ ಕೆಲಸಕ್ಕೆ ಕಮಿಷನ್ ಬರೀ 40, ಬಹುಮಾನ 80. ಹಾಗಾಗಿ 500ಕ್ಕಿಂತ ಕಡಿಮೆಯ ಕೆಲಸಕ್ಕೆ ಬಹುಮಾನವಿಲ್ಲ ಎಂಬ ಷರತ್ತು ಬೇಕು. 40 ರೂಪಾಯಿ ಯಾರನ್ನೂ ಸೆಳೆಯದು ಎನಿಸಿದರೆ, ಹೊಸಬರ ಎರಡನೇ ಕೆಲಸ ಮುಗಿದಾಗ ಇನ್ನೊಂದು ಕಂತು ಕೊಡಬಹುದು. ಅದು ಆ ಕೆಲಸದ ಕಮಿಷನ್‌ನೊಳಗೇ ಇರಬೇಕು.

ಕೋಡ್ ಕೊಟ್ಟವರ ಪಾಲನ್ನು ಬ್ಯಾಂಕಿಗೆ ಹಾಕದೆ, ಮುಂದಿನ ಬಿಲ್ಲಿನಲ್ಲಿ ಕಳೆಯುವ ಕ್ರೆಡಿಟ್ ಆಗಿ ಇಡುವುದು ಮೇಲು. ಕೆಲಸ ಮುಗಿದು 7 ದಿನವಾದರೂ ಅದು ‘ಬಾಕಿ’ ಎಂದೇ ತೋರಬೇಕು. ಅಷ್ಟರಲ್ಲಿ ದೂರು ಬಂದು ಹಣ ವಾಪಸಾದರೆ ಬಹುಮಾನವೂ ರದ್ದು. ಸರಪಳಿ ಮಾತ್ರ ಒಂದೇ ಮೆಟ್ಟಿಲಿನದಾಗಿರಬೇಕು. ಸೇರಿದವರು ಮತ್ತೆ ಸೇರಿಸಿದವರ ಪಾಲೂ ಮೇಲಿನವರಿಗೆ ಹೋಗತೊಡಗಿದರೆ, ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆಯ ಹತ್ತಿರಕ್ಕೆ ಹೋದಂತೆ.

ತಿಂಗಳಿಗೆ 5 ಬಹುಮಾನದ ಮಿತಿ ಇದ್ದರೆ ಸಾಮಾನ್ಯ ಗಿರಾಕಿಗೆ ತೊಂದರೆಯಿಲ್ಲ. ತಂಟೆ ಬರುವುದು ಬೇರೆ ಕಡೆ. ಬೇರೆ ವ್ಯಾಪಾರಗಳಲ್ಲಿ ಮೋಸದ ಗುರುತು ಎನಿಸಿದ್ದೆಲ್ಲ ಇಲ್ಲಿ ನೆರೆಹೊರೆಯ ಗುರುತೇ ಆಗಿರುತ್ತದೆ. ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೋಡ್ ಹಾಕಿದರೆ ಒಂದೇ ವಾರದಲ್ಲಿ 12 ಮನೆಗಳು ಸೇರಬಹುದು. ಎಲ್ಲರದೂ ಒಂದೇ ವಿಳಾಸ, ಹಲವರದು ಕಟ್ಟಡದ ಒಂದೇ ವೈಫೈ, ಬರುವವನೂ ಒಬ್ಬನೇ ಎಲೆಕ್ಟ್ರಿಷಿಯನ್. ಮೊಬೈಲ್ ಜಾಲಗಳಲ್ಲೂ ಸಾವಿರಾರು ಜನ ಒಂದೇ ಐಪಿ ವಿಳಾಸ ಹಂಚಿಕೊಳ್ಳುವುದುಂಟು. ಐಪಿ ನೋಡಿ ಖಾತೆ ಮುಚ್ಚುವ ಆ್ಯಪ್ ತನ್ನ ಅತ್ಯುತ್ತಮ ಪ್ರಚಾರಕನನ್ನೇ ಕಳೆದುಕೊಳ್ಳುತ್ತದೆ.

ವ್ಯತ್ಯಾಸ ಕಾಣುವುದು ಕೆಲಸದಲ್ಲಿ. ನಿಜವಾದ 12 ಮನೆಗಳಲ್ಲಿ ಒಬ್ಬರಿಗೆ ಫ್ಯಾನು, ಇನ್ನೊಬ್ಬರಿಗೆ ಗೀಸರು. ಒಂದು ಅರ್ಧ ಗಂಟೆ, ಇನ್ನೊಂದು ಎರಡು ಗಂಟೆ. ಯಾರೋ ಬುಕಿಂಗ್ ರದ್ದು ಮಾಡಿರುತ್ತಾರೆ, ಯಾರೋ ಬಿಲ್ಲಿನ ಬಗ್ಗೆ ಜಗಳ ಕಾದಿರುತ್ತಾರೆ. ನಕಲಿಯಲ್ಲಿ ಎಲ್ಲ ಬಿಲ್ಲೂ ಸರಿಯಾಗಿ 500, ‘ಶುರು’ ಮತ್ತು ‘ಮುಗಿಯಿತು’ ನಡುವೆ ಮೂರೇ ನಿಮಿಷ, ಕೆಲಸಗಾರನ ಫೋನು ಇದ್ದಲ್ಲೇ ಇರುತ್ತದೆ, ಖಾತೆಗಳು ಆಮೇಲೆ ಸದ್ದಿಲ್ಲದೆ ಮಲಗುತ್ತವೆ. ಜಗಳವೇ ಇಲ್ಲದ 12 ಮನೆಗಳ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ.

ಅನುಮಾನ ಬಂದಾಗ ಖಾತೆಯನ್ನಲ್ಲ, ಬಹುಮಾನವನ್ನು ಮಾತ್ರ ತಡೆಹಿಡಿಯಬೇಕು. ಕಾರಣವನ್ನು ಕನ್ನಡದಲ್ಲಿ ಒಂದು ಸಾಲಿನಲ್ಲಿ ತಿಳಿಸಿ, ಕಚೇರಿಯಿಂದ ಒಬ್ಬರು ಎರಡು ಮೂರು ಮನೆಗೆ ಫೋನ್ ಮಾಡಿ ಯಾವ ಕೆಲಸವಾಯಿತು ಎಂದು ಕೇಳಿದರೆ ಸಾಕು. ಗೀಸರ್ ರಿಪೇರಿ ಮಾಡಿಸಿಕೊಂಡವರಿಗೆ ಅದು ಎಲ್ಲಿ ಸೋರುತ್ತಿತ್ತೆಂದು ಹೇಳಲು ಯೋಚಿಸಬೇಕಾಗಿಲ್ಲ.